ಹೊರಗಿನ ಆಕಾರ, ಒಳಗಿನ ಜಾತಿ: ಕ್ಯಾಮೆರಾ ಗುರುತಿಸುವ ಬಗೆ

2010ರ ನವೆಂಬರ್‌ನಲ್ಲಿ ಕುವೈತಿನ ಇಂಗ್ಲಿಷ್ ದಿನಪತ್ರಿಕೆ ‘ಕುವೈತ್ ಟೈಮ್ಸ್’ ಒಂದು ಸುದ್ದಿ ಪ್ರಕಟಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಳಸುವುದನ್ನು ಪತ್ರಕರ್ತರ ಹೊರತು ಉಳಿದವರಿಗೆ ನಿಷೇಧಿಸಲಾಗಿದೆ, ಪುಟ್ಟ ಡಿಜಿಟಲ್ ಕ್ಯಾಮೆರಾಗಳಿಗೂ ಮೊಬೈಲ್ ಕ್ಯಾಮೆರಾಗಳಿಗೂ ಅಡ್ಡಿಯಿಲ್ಲ ಎಂಬುದು ಅದರ ಸಾರಾಂಶ. ಸುದ್ದಿ ದೇಶ ದಾಟಿ ಜಗತ್ತಿನಾದ್ಯಂತ ಹಬ್ಬಿತು. ಕೆಲವೇ ದಿನಗಳಲ್ಲಿ ಪತ್ರಿಕೆಯೇ ವರದಿ ಸರಿಯಲ್ಲವೆಂದು ಹಿಂತೆಗೆದುಕೊಂಡು ವಿಷಾದ ಸೂಚಿಸಿತು. ಅಂಥ ನಿಷೇಧ ಇರಲೇ ಇಲ್ಲ.

ಸುದ್ದಿ ಸುಳ್ಳಾಯಿತು, ಆದರೆ ಅದು ಎಬ್ಬಿಸಿದ ಒಂದು ಪ್ರಶ್ನೆ ಇಂದಿಗೂ ನಿಜವಾದದ್ದೇ. ಹಾಗೊಂದು ನಿಯಮ ಇದ್ದಿದ್ದರೆ, ಮಾಲ್‌ನ ಬಾಗಿಲಲ್ಲಿ ನಿಂತ ಕಾವಲುಗಾರ ಯಾವ ಕ್ಯಾಮೆರಾವನ್ನು ತಡೆಯಬೇಕಿತ್ತು? ಕನ್ನಡಿಯಿಲ್ಲದ, ಆದರೆ ಲೆನ್ಸ್ ಬದಲಿಸಬಹುದಾದ ‘ಮಿರರ್‌ಲೆಸ್’ ಕ್ಯಾಮೆರಾಗಳು ಪೇಟೆಗೆ ಬಂದು ಆಗಿನ್ನೂ ಎರಡೇ ವರ್ಷ. ಅವುಗಳಲ್ಲಿ ಮೊದಲನೆಯದಾದ ಪ್ಯಾನಸೋನಿಕ್ ಜಿ1 ಬಂದದ್ದು 2008ರಲ್ಲಿ, ಅದು ನೋಡಲು ಥೇಟ್ ಸಣ್ಣ ಡಿಎಸ್‌ಎಲ್‌ಆರ್. 2010ರಲ್ಲಿ ಬಂದ ಸೋನಿ ನೆಕ್ಸ್-5 ಜೇಬಿನ ಕ್ಯಾಮೆರಾದಷ್ಟೇ ತೆಳ್ಳಗೆ, ಆದರೆ ಒಳಗಿನ ಸೆನ್ಸರ್ ಸಾಮಾನ್ಯ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡದು. ಆಕಾರ ನೋಡಿ ತೀರ್ಮಾನಿಸುವವನು ಮೊದಲನೆಯದನ್ನು ತಡೆದು ಎರಡನೆಯದನ್ನು ಒಳಗೆ ಬಿಡುತ್ತಿದ್ದ. ಎರಡೂ ಒಂದೇ ಜಾತಿಯವು!

ನಮಗೆ ಈ ಮಾತು ಬೇಕಾಗುವುದು ಕಾವಲುಗಾರನ ಕೆಲಸಕ್ಕಲ್ಲ. ಊರಿಗೆ ಹೋಗುವ ಮುನ್ನ ತಮ್ಮನಿಗೋ ಮಗಳಿಗೋ ಒಂದು ಕ್ಯಾಮೆರಾ ಕೊಳ್ಳೋಣ ಎಂದು ಅಲ್-ರಾಯ್‌ನ ಸೂಕ್ ಅಲ್-ಜುಮಾಕ್ಕೆ, ಅಂದರೆ ನಾವೆಲ್ಲ ಹೇಳುವ ಫ್ರೈಡೇ ಮಾರ್ಕೆಟ್‌ಗೆ ಹೋಗುತ್ತೇವೆ. ಅಲ್ಲಿ ಬಳಸಿದ ವಸ್ತುಗಳ ಸಾಲಿನಲ್ಲಿ ಡಬ್ಬಿಯಿಲ್ಲ, ಬಿಲ್ಲಿಲ್ಲ, ಕೈಪಿಡಿಯಿಲ್ಲ. ಮಾರುವವನ ಬಾಯಲ್ಲಿ ಕಂಡದ್ದೆಲ್ಲ ‘ಪ್ರೊಫೆಷನಲ್’, ಕೇಳಿದ್ದೆಲ್ಲ ‘ಫೋರ್ ಕೆ’. ಅಂಥ ಕಡೆ ನಮಗೆ ಆಸರೆ ನಮ್ಮ ಕಣ್ಣು, ನಮ್ಮ ಬೆರಳು ಮಾತ್ರ. ಪಾಯಿಂಟ್ ಅಂಡ್ ಶೂಟ್, ಮಿರರ್‌ಲೆಸ್, ಆ್ಯಕ್ಷನ್ ಎಂಬ ಮೂರು ಬಗೆಗಳನ್ನು ಮೈ, ಲೆನ್ಸ್, ಗುಂಡಿಗಳಿಂದಲೇ ಹೇಗೆ ಬೇರ್ಪಡಿಸಬಹುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೈಕಟ್ಟು ಹೇಳುವುದು ಅರ್ಧ ಮಾತ್ರ

ಮೂರರಲ್ಲಿ ಮೈಕಟ್ಟಿನಿಂದಲೇ ಸುಲಭವಾಗಿ ಗುರುತು ಸಿಗುವುದು ಆ್ಯಕ್ಷನ್ ಕ್ಯಾಮೆರಾ. ಬೆಂಕಿಪೊಟ್ಟಣವನ್ನು ತುಸು ದೊಡ್ಡದು ಮಾಡಿದಂಥ ಗಟ್ಟಿ ಚೌಕದ ಮೈ, ಹಿಡಿಯಲು ಉಬ್ಬಿಲ್ಲ, ಕಣ್ಣಿಟ್ಟು ನೋಡುವ ಕಿಂಡಿಯಿಲ್ಲ. ಮುಂದಿನ ಒಂದು ಮೂಲೆಯಲ್ಲಿ ಸಣ್ಣ ಲೆನ್ಸ್, ಅದರ ಮೇಲೆ ಚಪ್ಪಟೆ ಗಾಜು. ಅಡಿಯಲ್ಲಿ ಮಡಚಿಟ್ಟ ಎರಡು ಬೆರಳಿನಂಥ ಕೊಂಡಿ ಅಥವಾ ಕ್ಲಿಪ್ ಕೂರಿಸುವ ಜಾಗ. ಇದು ಕೈಯಲ್ಲಿ ಹಿಡಿಯುವುದಕ್ಕಿಂತ ಹೆಲ್ಮೆಟ್ಟಿಗೋ ಸೈಕಲ್ಲಿಗೋ ಎದೆಪಟ್ಟಿಗೋ ಸಿಕ್ಕಿಸಲು ಹುಟ್ಟಿದ್ದು ಎಂಬುದನ್ನು ಆ ಕೊಂಡಿಯೇ ಹೇಳುತ್ತದೆ.

ಕಷ್ಟವಿರುವುದು ಉಳಿದ ಎರಡರಲ್ಲಿ. ಜೇಬಿಗೆ ಹೋಗುವುದು ಪಾಯಿಂಟ್ ಅಂಡ್ ಶೂಟ್, ಕುತ್ತಿಗೆಗೆ ನೇತುಹಾಕುವುದು ಮಿರರ್‌ಲೆಸ್ ಎಂದು ಹಲವರು ಲೆಕ್ಕ ಹಾಕುತ್ತಾರೆ. ನಿಕಾನ್ ಪಿ1000 ಎಂಬ ಕ್ಯಾಮೆರಾ ನೋಡಿ. 2018ರಲ್ಲಿ ಬಂದ ಇದರ ತೂಕ ಸುಮಾರು 1.4 ಕಿಲೋ. ತಲೆಯ ಮೇಲೆ ಗುಬ್ಬಿ, ಬಲಗೈಗೆ ದಪ್ಪ ಹಿಡಿ, ಮುಂದೆ ಲೋಟದಂಥ ಲೆನ್ಸ್, ಮೇಲೆ ತಿರುಗುವ ಡಯಲ್. ಮದುವೆಮನೆಯಲ್ಲಿ ಹಿಡಿದು ನಿಂತರೆ ಫೋಟೋಗ್ರಾಫರ್ ಬಂದರೆಂದು ಎಲ್ಲರೂ ದಾರಿ ಬಿಡುತ್ತಾರೆ. ಆದರೆ ಅದರ ಲೆನ್ಸ್ ಮೈಯಿಂದ ಬಿಡಿಸಲು ಬರುವುದಿಲ್ಲ, ಒಳಗಿನ ಸೆನ್ಸರ್ ಜೇಬಿನ ಕ್ಯಾಮೆರಾದ್ದೇ. ಅಂದರೆ ಜಾತಿಯಲ್ಲಿ ಅದು ಪಾಯಿಂಟ್ ಅಂಡ್ ಶೂಟ್. ಹೀಗೆ ದೊಡ್ಡ ಕ್ಯಾಮೆರಾದ ವೇಷ ತೊಟ್ಟವಕ್ಕೆ ‘ಬ್ರಿಜ್ ಕ್ಯಾಮೆರಾ’ ಎಂದು ಹೆಸರು. ತಪ್ಪು ವ್ಯಾಪಾರ ಹೆಚ್ಚಾಗಿ ನಡೆಯುವುದು ಇವುಗಳ ಸುತ್ತಲೇ.

ಬ್ರಿಜ್ ಕ್ಯಾಮೆರಾ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಜಹ್ರಾದ ಪಕ್ಷಿಧಾಮದಲ್ಲಿ ದೂರದ ಕೊಕ್ಕರೆಯನ್ನು ಹಗಲು ಬೆಳಕಿನಲ್ಲಿ ಹತ್ತಿರ ತರಬೇಕೆಂದರೆ ಅದಕ್ಕೆ ಸಾಟಿಯಾದ ಮಿರರ್‌ಲೆಸ್ ಲೆನ್ಸಿಗೆ ತಿಂಗಳುಗಳ ಸಂಬಳ ಸುರಿಯಬೇಕು. ಆದರೆ ರಾಜ್ಯೋತ್ಸವದ ಸಭಾಂಗಣದ ಮಂದ ಬೆಳಕಿನಲ್ಲಿ ಮಕ್ಕಳ ಕುಣಿತ ತೆಗೆಯಲು ಕೊಂಡವರಿಗೆ ಅದು ನಿರಾಸೆ ತರುತ್ತದೆ. ಕಾರಣ ಸೆನ್ಸರಿನ ಅಳತೆ. ಇಂಥ ಕ್ಯಾಮೆರಾಗಳ ಸೆನ್ಸರ್ ಸುಮಾರು 6 ಎಂಎಂ ಅಗಲ, ನಾಲ್ಕೂವರೆ ಎಂಎಂ ಎತ್ತರ. ಸಾಮಾನ್ಯ ಮಿರರ್‌ಲೆಸ್‌ನದು ಸುಮಾರು 23.5 ಎಂಎಂ ಅಗಲ, 15.6 ಎಂಎಂ ಎತ್ತರ. ವಿಸ್ತೀರ್ಣದಲ್ಲಿ ಹನ್ನೆರಡು ಹದಿಮೂರು ಪಟ್ಟು ಅಂತರ. ಮಳೆನೀರು ಹಿಡಿಯಲು ಲೋಟ ಇಡುವುದಕ್ಕೂ ಹಂಡೆ ಇಡುವುದಕ್ಕೂ ಇರುವ ವ್ಯತ್ಯಾಸ ಇದು. ಬೆಳಕು ಕಡಿಮೆಯಾದಷ್ಟೂ ಲೋಟದ ಸೋಲು ಎದ್ದು ಕಾಣುತ್ತದೆ, ಚಿತ್ರದಲ್ಲಿ ರವೆಯಂಥ ಕಾಳು ಬೀಳುತ್ತದೆ.

ಲೆನ್ಸ್ ಕೊಡುವ ಸಾಕ್ಷಿ

ಆದ್ದರಿಂದ ಕ್ಯಾಮೆರಾ ಕೈಗೆ ಬಂದ ಕೂಡಲೇ ಲೆನ್ಸು ಮೈಗೆ ಸೇರುವ ಜಾಗವನ್ನು ನೋಡಿ. ಮಿರರ್‌ಲೆಸ್ ಆದರೆ ಅಲ್ಲಿ ಲೋಹದ ಬಳೆಯಂಥ ಒಂದು ಅಂಚಿರುತ್ತದೆ. ಅಂಚಿನ ಪಕ್ಕ ಮೈಯ ಮೇಲೆ, ಸಾಮಾನ್ಯವಾಗಿ ಹೆಬ್ಬೆರಳಿಗೆ ಸಿಗುವಂತೆ, ಒಂದು ಒತ್ತುಗುಂಡಿ ಇರುತ್ತದೆ. ಮೈಯ ಮೇಲೊಂದು, ಲೆನ್ಸಿನ ಮೇಲೊಂದು ಬಿಳಿ ಅಥವಾ ಕೆಂಪು ಚುಕ್ಕೆ ಇರುತ್ತದೆ. ಲೆನ್ಸ್ ಕೂರಿಸುವಾಗ ಆ ಎರಡು ಚುಕ್ಕೆಗಳನ್ನು ಎದುರುಬದುರು ತಂದು ತಿರುಗಿಸಬೇಕು. ಗುಂಡಿಯೂ ಚುಕ್ಕೆಯೂ ಇದ್ದರೆ ಲೆನ್ಸ್ ಬದಲಿಸುವ ಕ್ಯಾಮೆರಾ. ಎರಡೂ ಇಲ್ಲದಿದ್ದರೆ, ಎಷ್ಟೇ ದೊಡ್ಡದಿರಲಿ, ಬದಲಿಸುವುದಲ್ಲ. ಕೆಲವು ಬ್ರಿಜ್ ಕ್ಯಾಮೆರಾಗಳಲ್ಲಿ ಲೆನ್ಸಿನ ಪಕ್ಕ ಗುಂಡಿಗಳಿರುವುದುಂಟು, ಅವು ಜೂಮ್‌ಗೋ ಫೋಕಸ್‌ಗೋ ಇದ್ದವು. ಚುಕ್ಕೆ ಜೊತೆಗಿಲ್ಲದ ಗುಂಡಿಯನ್ನು ನಂಬಬೇಡಿ.

ಎರಡನೆಯ ಸಾಕ್ಷಿ ಮುಚ್ಚಳ. ಜೇಬಿನ ಪಾಯಿಂಟ್ ಅಂಡ್ ಶೂಟ್ ಆಫ್ ಆದಾಗ ಲೆನ್ಸ್ ಒಳಗೆ ಸರಿದು, ರೆಪ್ಪೆ ಮುಚ್ಚಿದಂತೆ ಎರಡು ತೆಳು ತಗಡುಗಳು ಮುಂದೆ ಬಂದು ಕೂಡುತ್ತವೆ. ಆನ್ ಮಾಡಿದರೆ ರೆಪ್ಪೆ ತೆರೆದು, ಕೊಳವೆಯೊಳಗಿಂದ ಕೊಳವೆ ಬಂದಂತೆ ಲೆನ್ಸ್ ಹೊರಬರುತ್ತದೆ. ಮಿರರ್‌ಲೆಸ್‌ಗೆ ಮತ್ತು ಬ್ರಿಜ್‌ಗೆ ಸಾಮಾನ್ಯವಾಗಿ ಕೈಯಿಂದ ತೆಗೆಯುವ ಪ್ಲಾಸ್ಟಿಕ್ ಮುಚ್ಚಳ. ಆ್ಯಕ್ಷನ್ ಕ್ಯಾಮೆರಾದಲ್ಲಿ ಏನೂ ಅಲುಗಾಡುವುದಿಲ್ಲ. ಲೆನ್ಸ್ ಹೊರಬರುವುದಿಲ್ಲ, ತಿರುಗಿಸುವ ಬಳೆಯಿಲ್ಲ. ಅದರ ಫೋಕಸ್ ಸಾಮಾನ್ಯವಾಗಿ ತಯಾರಾಗುವಾಗಲೇ ಒಂದು ಕಡೆ ನಿಲ್ಲಿಸಿದ್ದು, ಒಂದೆರಡು ಅಡಿಯಿಂದಾಚೆಯದೆಲ್ಲ ಸ್ಪಷ್ಟ. ಅದನ್ನೇ ಮದುಮಗಳ ಕೈಯ ಮೆಹಂದಿಗೆ ಗೇಣು ದೂರದಲ್ಲಿ ಹಿಡಿದರೆ ಮಂಜು ಕವಿದಂತಾಗುತ್ತದೆ. ಅದು ಕೆಟ್ಟಿದೆ ಎಂದಲ್ಲ, ಅದರ ಮಿತಿಯೇ ಅಷ್ಟು.

ಮೂರನೆಯ ಸಾಕ್ಷಿ ಲೆನ್ಸಿನ ಮುಖದ ಸುತ್ತ ಅಚ್ಚಾದ ಅಂಕಿ. ಇದನ್ನು ಓದಲು ಕಲಿತರೆ ಅರ್ಧ ವಿದ್ಯೆ ಕೈಗೆ ಬಂದಂತೆ. ಪಿ1000ರ ಲೆನ್ಸಿನ ಮೇಲೆ 4.3ರಿಂದ 539 ಎಂಎಂ ಎಂದಿರುತ್ತದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, 125 ಬರುತ್ತದೆ. ಅದೇ ‘125 ಎಕ್ಸ್ ಜೂಮ್’. ಆದರೆ ನಮಗೆ ಮುಖ್ಯವಾದದ್ದು ಆ ಚಿಕ್ಕ ಅಂಕಿ. ಜೂಮ್ ಲೆನ್ಸಿನ ಅಂಕಿ ನಾಲ್ಕು ಐದರಿಂದ ಶುರುವಾದರೆ ಒಳಗಿನ ಸೆನ್ಸರ್ ಉಗುರಿನ ತುದಿಯಷ್ಟು ಎಂದು ತಿಳಿಯಿರಿ. ಒಂಬತ್ತರ ಆಸುಪಾಸಿನಿಂದ ಶುರುವಾದರೆ ತುಸು ದೊಡ್ಡ, ‘ಒಂದಿಂಚು’ ಎಂದು ಕರೆಯುವ ಸೆನ್ಸರ್ ಇರಬಹುದು. ಮಿರರ್‌ಲೆಸ್ ಜೊತೆ ಮಾಮೂಲಾಗಿ ಬರುವ ಲೆನ್ಸ್ 15, 16 ಅಥವಾ 18ರಿಂದ ಶುರುವಾಗುತ್ತದೆ. ಕಾರಣ ಸರಳ. ಅಗಲವಾದ ನೋಟ ಸಿಗಲು ದೊಡ್ಡ ಸೆನ್ಸರಿಗೆ ದೊಡ್ಡ ಅಂಕಿ ಸಾಕು, ಚಿಕ್ಕ ಸೆನ್ಸರಿಗೆ ಅಂಕಿ ತೀರಾ ಇಳಿಯಬೇಕು. ಒಂದು ಎಚ್ಚರಿಕೆ ಇದೆ. ಕೆಲವು ಕ್ಯಾಮೆರಾಗಳ ಮೈಮೇಲೆ ‘ಇಷ್ಟಕ್ಕೆ ಸಮ’ ಎಂಬ ಅರ್ಥದಲ್ಲಿ 24, 25 ಎಂಬಂಥ ಅಂಕಿಯನ್ನು ಬೇರೆಯಾಗಿ ಬರೆದಿರುತ್ತಾರೆ. ಅದು ಜಾಹೀರಾತಿನ ಅಂಕಿ, ಲೆನ್ಸಿನ ನಿಜ ಅಳತೆಯಲ್ಲ.

ಗುಂಡಿಗಳು ಹೇಳುವುದೇನು

ಗುಂಡಿಗಳು ಕ್ಯಾಮೆರಾ ಯಾರಿಗಾಗಿ ಆಯಿತು ಎಂಬುದನ್ನು ತಿಳಿಸುತ್ತವೆ. ಆ್ಯಕ್ಷನ್ ಕ್ಯಾಮೆರಾದಲ್ಲಿ ಮೇಲೊಂದು ದೊಡ್ಡ ಗುಂಡಿ, ಅದನ್ನೊತ್ತಿದರೆ ರೆಕಾರ್ಡ್ ಶುರು. ಪಕ್ಕದಲ್ಲಿ ಇನ್ನೊಂದು, ಆನ್ ಮಾಡಲು ಮತ್ತು ಬಗೆ ಬದಲಿಸಲು. ಉಳಿದದ್ದೆಲ್ಲ ಪರದೆ ಮುಟ್ಟಿಯೇ ಮಾಡಬೇಕು. ಕೈಗವಸು ತೊಟ್ಟವರೂ, ನೀರಲ್ಲಿರುವವರೂ ತಡಕಾಡದೆ ಒತ್ತಲಿ ಎಂದು ಹೀಗೆ.

ಪಾಯಿಂಟ್ ಅಂಡ್ ಶೂಟ್‌ನಲ್ಲಿ ಕ್ಲಿಕ್ ಗುಂಡಿಯ ಸುತ್ತ ಸಣ್ಣ ಕಿವಿಯಂಥ ಸನ್ನೆ ಇರುತ್ತದೆ, ಒಂದು ಬದಿಗೆ ಡಬ್ಲ್ಯು, ಇನ್ನೊಂದು ಬದಿಗೆ ಟಿ ಅಕ್ಷರ. ಜೂಮ್ ಮೋಟಾರಿನದ್ದು, ಸನ್ನೆ ತಳ್ಳಿದಾಗ ಗುರ್ ಎಂಬ ಸದ್ದಿನೊಡನೆ ಲೆನ್ಸ್ ಸರಿಯುತ್ತದೆ. ಮಿರರ್‌ಲೆಸ್‌ನಲ್ಲಿ ಸಾಮಾನ್ಯವಾಗಿ ಲೆನ್ಸಿನ ಮೇಲಿನ ಬಳೆಯನ್ನೇ ಎಡಗೈಯಲ್ಲಿ ತಿರುಗಿಸಿ ಜೂಮ್ ಮಾಡುತ್ತೇವೆ. ಬಲಗೈ ಹೆಬ್ಬೆರಳು, ತೋರುಬೆರಳುಗಳಿಗೆ ಸಿಗುವಂತೆ ಒಂದೆರಡು ಹಲ್ಲುಚಕ್ರಗಳು ಇರುತ್ತವೆ. ಬೆಳಕಿನ ಬಾಯಿ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಅವುಗಳಿಂದ ನಾವೇ ನಿರ್ಧರಿಸಬಹುದು. ಪಿ, ಎ, ಎಸ್, ಎಂ ಅಕ್ಷರಗಳ ಡಯಲ್ ಮಾತ್ರ ನೋಡಿ ಮಿರರ್‌ಲೆಸ್ ಎನ್ನುವಂತಿಲ್ಲ. ಒಳ್ಳೆಯ ಪಾಯಿಂಟ್ ಅಂಡ್ ಶೂಟ್‌ಗಳಲ್ಲೂ ಬ್ರಿಜ್‌ಗಳಲ್ಲೂ ಆ ಡಯಲ್ ಇದೆ.

ಇನ್ನು ಹಳೆಯ ಡಿಎಸ್‌ಎಲ್‌ಆರನ್ನು ಮಿರರ್‌ಲೆಸ್ ಎಂದು ಮಾರುವವರೂ ಇದ್ದಾರೆ. ಎರಡರಲ್ಲೂ ಲೆನ್ಸ್ ಬದಲಿಸಬಹುದು, ಚುಕ್ಕೆಯೂ ಇದೆ, ಗುಂಡಿಯೂ ಇದೆ. ಇವನ್ನು ಬೇರ್ಪಡಿಸುವ ಪರೀಕ್ಷೆ ತೀರಾ ಸುಲಭ. ಕ್ಯಾಮೆರಾ ಆಫ್ ಮಾಡಿ, ಲೆನ್ಸಿನ ಮುಚ್ಚಳ ತೆಗೆದು, ಕಣ್ಣಿನ ಕಿಂಡಿಯಲ್ಲಿ ನೋಡಿ. ಎದುರಿನ ದೃಶ್ಯ ಕಂಡರೆ ಒಳಗೆ ಕನ್ನಡಿಯಿದೆ, ಅದು ಡಿಎಸ್‌ಎಲ್‌ಆರ್. ಬರೀ ಕತ್ತಲೆ ಕಂಡರೆ ಕಿಂಡಿಯೊಳಗಿರುವುದು ಪುಟ್ಟ ಪರದೆ, ಅದಕ್ಕೆ ಬ್ಯಾಟರಿ ಬೇಕು. ಮಿರರ್‌ಲೆಸ್‌ನ ಕಿಂಡಿ ಹಾಗೆಯೇ ಇರುತ್ತದೆ. ಕೆಲವು ಮಿರರ್‌ಲೆಸ್‌ಗಳಿಗೆ ಕಿಂಡಿಯೇ ಇರುವುದಿಲ್ಲ. ಆಗ ಮೈಯ ದಪ್ಪ ನೋಡಿ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ 44 ಎಂಎಂ ದೂರ, ಕನ್ನಡಿ ಏಳಲು ಜಾಗ ಬೇಕಲ್ಲ! ಅದೇ ಕಂಪನಿಯ ಆರ್ ಸರಣಿಯ ಮಿರರ್‌ಲೆಸ್‌ನಲ್ಲಿ 20 ಎಂಎಂ, ಸೋನಿಯದರಲ್ಲಿ 18 ಎಂಎಂ. ಕನ್ನಡಿ ಹೋದದ್ದರಿಂದಲೇ ಮೈ ತೆಳ್ಳಗಾಯಿತು.

ಅವಳಿಗಳಂಥ ಎರಡು ಕ್ಯಾಮೆರಾ

ಈಗ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸೋಣ. ಮಾರುವವನ ಮೇಜಿನ ಮೇಲೆ ಎರಡು ಕಪ್ಪು ಸೋನಿ ಕ್ಯಾಮೆರಾ ಇವೆ ಎಂದುಕೊಳ್ಳಿ. ಒಂದು ಜೆಡ್‌ವಿ-1, 2020ರದು. ಇನ್ನೊಂದು ಜೆಡ್‌ವಿ-ಇ10, 2021ರದು. ಎರಡರ ತಲೆಯ ಮೇಲೂ ಜಾಲರಿಯಂಥ ಮೈಕ್, ಅದಕ್ಕೆ ಹಾಕಲು ತುಪ್ಪಳದ ಟೊಪ್ಪಿ. ಎರಡರಲ್ಲೂ ಬದಿಗೆ ತೆರೆದುಕೊಂಡು ನಮ್ಮ ಕಡೆ ತಿರುಗುವ ಪರದೆ. ಎರಡಕ್ಕೂ ಕಣ್ಣಿನ ಕಿಂಡಿಯಿಲ್ಲ. ಎರಡರಲ್ಲೂ ಕ್ಲಿಕ್ ಗುಂಡಿಯ ಸುತ್ತ ಜೂಮ್ ಸನ್ನೆ. ಮೈಕಟ್ಟು ಕೇಳಿದರೆ ಅಣ್ಣ ತಮ್ಮ ಎನ್ನುತ್ತದೆ, ಗುಂಡಿಗಳನ್ನು ಕೇಳಿದರೂ ಅದೇ ಉತ್ತರ.

ಆನ್ ಮಾಡಿದರೆ ಗೊಂದಲ ಇನ್ನೂ ಹೆಚ್ಚು. ಜೆಡ್‌ವಿ-1ರ ಲೆನ್ಸ್ ಹೊರಬರುತ್ತದೆ. ಜೆಡ್‌ವಿ-ಇ10ರ ಜೊತೆ ಬರುವ 16-50 ಲೆನ್ಸೂ ಮೋಟಾರಿನದೇ ಆದ್ದರಿಂದ ಅದೂ ಹೊರಬರುತ್ತದೆ. ಹಾಗಾದರೆ ಎಲ್ಲಿ ಹಿಡಿಯುವುದು? ಮೊದಲು ಮುಚ್ಚಳ. ಜೆಡ್‌ವಿ-1ಕ್ಕೆ ತಾನಾಗಿ ಮುಚ್ಚುವ ರೆಪ್ಪೆ, ಇ10ರ ಲೆನ್ಸಿಗೆ ಕೈಯಿಂದ ತೆಗೆಯುವ ಮುಚ್ಚಳ. ಅನಂತರ ಬುಡ. ಇ10ರಲ್ಲಿ ಲೋಹದ ಬಳೆ, ಬಿಳಿ ಚುಕ್ಕೆ, ಒತ್ತುಗುಂಡಿ ಮೂರೂ ಇವೆ, ಜೆಡ್‌ವಿ-1ರಲ್ಲಿ ಯಾವುದೂ ಇಲ್ಲ. ಕೊನೆಗೆ ಅಂಕಿ. ಇ10ರ ಲೆನ್ಸಿನಲ್ಲಿ 16ರಿಂದ 50, ಜೆಡ್‌ವಿ-1ರಲ್ಲಿ ಒಂಬತ್ತರ ಆಸುಪಾಸಿನಿಂದ ಆರಂಭ. ಮೂರೂ ಸಾಕ್ಷಿಗಳು ಒಂದೇ ಮಾತು ಹೇಳಿದವು: ಜೆಡ್‌ವಿ-1 ಪಾಯಿಂಟ್ ಅಂಡ್ ಶೂಟ್, ಇ10 ಮಿರರ್‌ಲೆಸ್. ಇ10ರ ಸೆನ್ಸರ್ ವಿಸ್ತೀರ್ಣದಲ್ಲಿ ಮೂರು ಪಟ್ಟು ದೊಡ್ಡದು.

ಇಷ್ಟಾಗಿಯೂ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಬೇರೆ. ಒಂದೇ ಲೆನ್ಸಿನಲ್ಲಿ ಕೊನೆತನಕ ಇರುವವರಿಗೆ ಜೆಡ್‌ವಿ-1 ಚೆನ್ನ, ಏಕೆಂದರೆ ಅದಕ್ಕೆ ಅಂಟಿಸಿದ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುವಂಥದ್ದು. ಸಭಾಂಗಣದಲ್ಲಿ ಇ10ರ ಮಾಮೂಲು ಲೆನ್ಸ್ ಆ ಲಾಭವನ್ನು ಅರ್ಧಕ್ಕೂ ಹೆಚ್ಚು ತಿಂದುಬಿಡುತ್ತದೆ. ಇ10ರ ಶಕ್ತಿ ಕಾಣುವುದು ಮುಂದೆ ಬೇರೆ ಲೆನ್ಸ್ ಹಾಕಿದಾಗ. ಮುಂದೆ ಲೆನ್ಸ್ ಕೊಳ್ಳುವ ಯೋಚನೆ ಇದ್ದವರು ಜೆಡ್‌ವಿ-1 ಕೊಂಡರೆ ದಾರಿ ಅಲ್ಲಿಗೇ ಮುಗಿಯಿತು.

ಮರಳು, ಬಿಸಿಲು, ಮೂರು ಕಾಯಿಲೆ

ಕುವೈತಿನಲ್ಲಿ ಬಗೆ ಗುರುತಿಸುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿನ ಧೂಳು ಮತ್ತು ಸೆಕೆ ಮೂರು ಬಗೆಗಳನ್ನೂ ಮೂರು ರೀತಿಯಲ್ಲಿ ಕೆಡಿಸುತ್ತವೆ. ಬಗೆ ತಿಳಿದರೆ ಕಾಯಿಲೆ ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ.

ಪಾಯಿಂಟ್ ಅಂಡ್ ಶೂಟ್‌ನ ಶತ್ರು ಮರಳಿನ ಕಾಳು. ಮರುಭೂಮಿಯ ಕ್ಯಾಂಪಿನಲ್ಲಿ ಜೇಬಿನಲ್ಲಿದ್ದ ಒಂದೇ ಕಾಳು ಆ ಕೊಳವೆಗಳ ನಡುವೆ ಸಿಕ್ಕಿಕೊಂಡರೆ ಸಾಕು, ಲೆನ್ಸ್ ಅರ್ಧಕ್ಕೆ ನಿಂತು ಪರದೆಯ ಮೇಲೆ ಲೆನ್ಸ್ ದೋಷವೆಂಬ ಸಂದೇಶ ಬರುತ್ತದೆ. ಕೊಳ್ಳುವಾಗ ಹತ್ತು ಸಲ ಆನ್ ಆಫ್ ಮಾಡಿ, ಜೂಮ್ ಪೂರ್ತಿ ಹಿಗ್ಗಿಸಿ ಕುಗ್ಗಿಸಿ, ಕಿವಿ ಹತ್ತಿರ ಹಿಡಿಯಿರಿ. ಕರಕರ ಸದ್ದು ಬಂದರೆ, ಒಂದು ರೆಪ್ಪೆ ಅರ್ಧ ತೆರೆದರೆ ಅಲ್ಲಿಗೆ ಬಿಡಿ. ಲೆನ್ಸ್ ಮೈಗೆ ಅಂಟಿದ್ದಾದ್ದರಿಂದ ರಿಪೇರಿಯ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮುಟ್ಟಬಹುದು.

ಮಿರರ್‌ಲೆಸ್‌ನ ಶತ್ರು ನವಿರು ಧೂಳು. ಲೆನ್ಸ್ ತೆಗೆದಾಗ ಹಲವು ಮಾದರಿಗಳಲ್ಲಿ ಸೆನ್ಸರ್ ನೇರ ಗಾಳಿಗೆ ತೆರೆದುಕೊಳ್ಳುತ್ತದೆ. ತೂಜ್ ಎದ್ದ ದಿನ ಹೊರಗೆ ಲೆನ್ಸ್ ಬದಲಿಸಿದರೆ ಆಯಿತು ಕಥೆ. ಇದ್ದರೆ ಹೀಗೆ ತಿಳಿಯುತ್ತದೆ: ಎ ಬಗೆಗೆ ಡಯಲ್ ತಿರುಗಿಸಿ, ಎಫ್ ಅಂಕಿಯನ್ನು 16ಕ್ಕೆ ಇಟ್ಟು, ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ಒಂದು ಫೋಟೋ ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ನೋಡಿ. ಬೂದು ಚುಕ್ಕೆಗಳು ಕಂಡರೆ, ಲೆನ್ಸ್ ಬದಲಿಸಿ ತೆಗೆದಾಗಲೂ ಅದೇ ಜಾಗದಲ್ಲಿ ಇದ್ದರೆ, ಧೂಳು ಸೆನ್ಸರಿನ ಮೇಲಿದೆ. ಧೂಳಾದರೆ ಒರೆಸಿಸಬಹುದು, ಗೀರಾದರೆ ಆಗದು. ಬಾಯಿಂದ ಊದಬೇಡಿ, ಉಗುಳಿನ ಹನಿ ಧೂಳಿಗಿಂತ ಕೆಟ್ಟದ್ದು.

ಆ್ಯಕ್ಷನ್ ಕ್ಯಾಮೆರಾಕ್ಕೆ ಮರಳಿನ ಭಯ ಕಡಿಮೆ, ಬಿಸಿಲಿನ ಭಯ ಹೆಚ್ಚು. 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಅಂಥ ನೆಲದಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪುಟ್ಟ ಡಬ್ಬಿ ಒಳಗೊಳಗೇ ಬೇಯುತ್ತದೆ. ರೆಕಾರ್ಡ್ ಮಾಡುವಾಗ ಗಾಳಿಯಾಡದೆ ನಿಂತರೆ ಅದು ತಾನೇ ಆಫ್ ಆಗುವುದು ತನ್ನನ್ನು ಉಳಿಸಿಕೊಳ್ಳಲು. ಆದರೆ ಪದೇಪದೇ ಕಾದ ಬ್ಯಾಟರಿ ಉಬ್ಬುತ್ತದೆ. ಬ್ಯಾಟರಿ ಗೂಡಿನಿಂದ ಸಲೀಸಾಗಿ ಬರದೆ ಸಿಕ್ಕಿಕೊಂಡರೆ ಉಬ್ಬಿದೆ ಎಂದೇ ಅರ್ಥ, ಅದನ್ನು ಚಾರ್ಜ್‌ಗೆ ಹಾಕಬೇಡಿ. ಬಾಗಿಲಿನ ಒಳ ಅಂಚಿನ ರಬ್ಬರ್ ಪಟ್ಟಿಯನ್ನೂ ನೋಡಿ. ಅದರ ಮೇಲೆ ಒಂದು ಕೂದಲೆಳೆಯೋ ಮರಳ ಕಾಳೋ ಇದ್ದರೆ ಸಾಲ್ಮಿಯಾದ ಕಡಲಲ್ಲಿ ನೀರು ಒಳನುಗ್ಗಲು ಅಷ್ಟೇ ಸಾಕು. ಗೋಪ್ರೊ ಹೀರೋ5ರಿಂದೀಚೆಗಿನ ಮುಖ್ಯ ಮಾದರಿಗಳು ಬರಿ ಮೈಯಲ್ಲೇ 10 ಮೀಟರ್ ನೀರು ತಡೆಯುತ್ತವೆ. ಅದೇ ಆಕಾರದ ಅಗ್ಗದ ನಕಲುಗಳಲ್ಲಿ ಹಲವು ಪ್ಲಾಸ್ಟಿಕ್ ಗೂಡಿನೊಳಗಿದ್ದರೆ ಮಾತ್ರ ತಡೆಯುತ್ತವೆ. ಬಾಗಿಲಿಗೆ ರಬ್ಬರ್ ಪಟ್ಟಿಯೇ ಇಲ್ಲದಿದ್ದರೆ, ಚಾರ್ಜರ್ ಕಿಂಡಿ ತೆರೆದೇ ಇದ್ದರೆ, ಅದನ್ನು ಬರಿಗೈಯಲ್ಲಿ ನೀರಿಗಿಳಿಸಬೇಡಿ.

ಯಾವುದೇ ಕೊಂಡರೂ ಊರಿಗೆ ಹೊರಟಾಗ ಬಿಡಿ ಬ್ಯಾಟರಿಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ. ಇಲ್ಲಿ ಬಳಸುವಾಗ ಸೇನಾ ಠಾಣೆ, ಸರ್ಕಾರಿ ಕಟ್ಟಡ, ತೈಲ ಘಟಕಗಳ ಕಡೆಗೂ, ಒಪ್ಪಿಗೆಯಿಲ್ಲದೆ ಜನರ ಕಡೆಗೂ ಲೆನ್ಸ್ ತಿರುಗಿಸಬೇಡಿ. ಈ ವಿಷಯದಲ್ಲಿ ಜೇಬಿನ ಕ್ಯಾಮೆರಾ, ಮಿರರ್‌ಲೆಸ್, ಹೆಲ್ಮೆಟ್ಟಿನ ಡಬ್ಬಿ ಎಂಬ ಭೇದವಿಲ್ಲ.

ಮೇಜಿನ ಮುಂದೆ ನಿಂತಾಗ ಕ್ರಮ ಇಷ್ಟೇ ಇರಲಿ. ಲೆನ್ಸಿನ ಬುಡ ನೋಡಿ, ಮುಖದ ಚಿಕ್ಕ ಅಂಕಿ ಓದಿ, ಆಮೇಲೆ ಗುಂಡಿಗಳನ್ನು ಮುಟ್ಟಿ, ಮೈಕಟ್ಟನ್ನು ಕೊನೆಗೆ ಕೇಳಿ. ಬೆಲೆಯ ಮಾತು ಅದಾದ ಮೇಲೆ.